ಉತ್ತರ ಹೇಳುವ ಹಕ್ಕು: ವಜಾಕ್ಕೆ ಮುಂಚಿನ ಆಂತರಿಕ ವಿಚಾರಣೆಯನ್ನು ಕುರಿತು

ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಗ ಒಂದು ಸಂಜೆ ನಮ್ಮ ತಂದೆಯವರು ಗಿರಣಿಯಿಂದ ಬಂದವರೇ ಅಂಗಿಯ ಕಿಸೆಯಿಂದ ಎರಡು ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟರು. "ಏನ ಬರದಾರ ಓದವ್ವಾ ತಂಗಿ" ಎಂದರು. ಒಂದು ಇಂಗ್ಲಿಷಿನಲ್ಲಿತ್ತು, ಇನ್ನೊಂದು ಕನ್ನಡದಲ್ಲಿತ್ತು. ಇಂಗ್ಲಿಷ್ ಕಾಗದದಲ್ಲಿ, ಅವರು ಮೇಲಧಿಕಾರಿಯ ಆಜ್ಞೆಯನ್ನು ಮೀರಿ, ಅವಾಚ್ಯವಾಗಿ ಮಾತನಾಡಿ, ಶಿಸ್ತಿಗೆ ಭಂಗ ತಂದಿರುವರೆಂದೂ, ಅವರನ್ನು ಕೆಲಸದಿಂದ ಏಕೆ ವಜಾ ಮಾಡಬಾರದೆಂಬುದಕ್ಕೆ ಉತ್ತರ ಕೊಡಬೇಕೆಂದೂ ಇತ್ತು. ಯಾವ ದಿನ, ಯಾವ ಆಜ್ಞೆ, ಯಾವ ಮಾತು ಎಂಬುದು ಎಲ್ಲಿಯೂ ಇರಲಿಲ್ಲ. ಕನ್ನಡದ ಕಾಗದವನ್ನು ಕಚೇರಿಯ ಗುಮಾಸ್ತರೊಬ್ಬರು ಉಪಕಾರವೆಂದು ತಾವೇ ಬರೆದುಕೊಟ್ಟಿದ್ದರು. "ನನ್ನಿಂದ ತಪ್ಪಾಗಿದೆ, ದಯವಿಟ್ಟು ಕ್ಷಮಿಸಬೇಕು" ಎಂದು ಅದರಲ್ಲಿತ್ತು. ಕೆಳಗೆ ರುಜುವಿಗೆ ಸ್ಥಳ ಬಿಟ್ಟಿತ್ತು.

ತಂದೆಯವರಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ. ಆ ರಾತ್ರಿ ಅವರು ರುಜು ಹಾಕಿಯೇಬಿಡುತ್ತಿದ್ದರು. "ಕ್ಷಮಾ ಕೇಳಿದ್ರ ಮುಗೀತದ" ಎಂಬುದೇ ಅವರ ನಂಬಿಕೆ. ನನಗೂ ಆಗ ಹೆಚ್ಚೇನೂ ತಿಳಿಯದು. ಪಕ್ಕದ ಮನೆಯಲ್ಲಿದ್ದ, ಅದೇ ಗಿರಣಿಯ ಹಿರಿಯ ಕಾರ್ಮಿಕರೊಬ್ಬರು ಕಾಗದವನ್ನು ನೋಡಿ, "ಅಣ್ಣಾ, ಇದಕ್ಕ ಸಹಿ ಮಾಡಿದ್ರ ಎನ್‌ಕ್ವೈರಿನs ಬೇಕಾಗಂಗಿಲ್ಲ" ಎಂದು ತಡೆದರು. ಆ ಒಂದು ಮಾತಿನ ಅರ್ಥವನ್ನು ನಾನು ಪೂರ್ತಿಯಾಗಿ ತಿಳಿದುಕೊಂಡದ್ದು ಈ ಕಾಲೇಜಿಗೆ ಬಂದ ಮೇಲೆ, ಅರ್ಥಶಾಸ್ತ್ರದ ತರಗತಿಯಲ್ಲಿ ಕಾರ್ಮಿಕ ಶಾಸನಗಳನ್ನು ಓದುವಾಗ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆತಾಯಿಯರು ಗಿರಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವವರು. ಆದುದರಿಂದ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ಬರೆದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ಆಂತರಿಕ ವಿಚಾರಣೆ ಎಂದರೇನು?

ಕಾರ್ಮಿಕನು ದುರ್ನಡತೆಯಿಂದ ನಡೆದುಕೊಂಡನೆಂದು ಮಾಲೀಕನಿಗೆ ತೋರಿದಾಗ, ಅವನನ್ನು ವಜಾ ಮಾಡುವುದಕ್ಕೆ ಮುಂಚೆ ಕಾರ್ಖಾನೆಯೊಳಗೇ ನಡೆಸಬೇಕಾದ ವಿಚಾರಣೆಗೆ ಆಂತರಿಕ ವಿಚಾರಣೆ ಎಂದು ಹೆಸರು. ಇಂಗ್ಲಿಷಿನ ಹೆಸರಿನಲ್ಲಿ 'ಮನೆಯೊಳಗಿನದು' ಎಂಬ ಅರ್ಥವಿದೆ. ಆ ಹೆಸರಿನಲ್ಲಿಯೇ ಇದರ ಅನುಕೂಲವೂ ಇದೆ, ತೊಡಕೂ ಇದೆ. ದೂರು ಕೊಡುವವನು ಮಾಲೀಕನ ಮನುಷ್ಯ. ಸಾಕ್ಷಿ ಹೇಳುವವರು ಮಾಲೀಕನ ಸಂಬಳ ತಿನ್ನುವವರು. ವಿಚಾರಣಾಧಿಕಾರಿಯನ್ನು ನೇಮಿಸುವವನೂ ಮಾಲೀಕನೇ. ಕೊನೆಗೆ ಶಿಕ್ಷೆ ವಿಧಿಸುವವನೂ ಅವನೇ. ಎಲ್ಲವೂ ಒಂದೇ ಮನೆಯೊಳಗೆ ನಡೆಯುವಾಗ ನ್ಯಾಯವು ಎಲ್ಲಿಂದ ಬರಬೇಕು? ಕ್ರಮದಿಂದಲೇ ಬರಬೇಕು ಎಂಬುದು ನಮ್ಮ ನ್ಯಾಯಾಲಯಗಳು ಕಂಡುಕೊಂಡ ಉತ್ತರ. ಮನೆ ಮಾಲೀಕನದೇ ಆಗಿರಲಿ. ಆದರೆ ಆಪಾದಿತನಿಗೆ ತನ್ನ ಮೇಲಿನ ಆರೋಪವೇನೆಂದು ತಿಳಿಯಬೇಕು, ಅದಕ್ಕೆ ಆಧಾರವೇನೆಂದು ಕಣ್ಣಾರೆ ಕಾಣಬೇಕು, ಅದಕ್ಕೆ ಉತ್ತರ ಹೇಳಲು ನಿಜವಾದ ಅವಕಾಶ ಸಿಗಬೇಕು. ಇವನ್ನೇ ಸಹಜ ನ್ಯಾಯದ ತತ್ವಗಳೆಂದು ಕರೆಯುವರು.

ಈ ವಿಷಯದ ಕಾನೂನು ಬಹುಕಾಲ 1946ರ ಸ್ಥಾಯಿ ಆದೇಶಗಳ ಕಾಯಿದೆಯಲ್ಲಿಯೂ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿಯೂ ಇತ್ತು. ಸ್ಥಾಯಿ ಆದೇಶಗಳೆಂದರೆ ಕಾರ್ಖಾನೆಯ ಕೆಲಸದ ನಿಯಮಗಳು. ಯಾವುದು ದುರ್ನಡತೆ, ಅದಕ್ಕೆ ಯಾವ ಶಿಕ್ಷೆ ಎಂಬುದು ಅವುಗಳಲ್ಲಿರುತ್ತದೆ. ಈಗ ಆ ಎರಡು ಕಾಯಿದೆಗಳನ್ನೂ ಕಾರ್ಮಿಕ ಸಂಘಗಳ ಕಾಯಿದೆಯನ್ನೂ ಒಟ್ಟುಗೂಡಿಸಿದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಂಹಿತೆಯ ಪ್ರಕಾರ ಸ್ಥಾಯಿ ಆದೇಶಗಳ ಅಧ್ಯಾಯವು 300 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಆದರೆ ವಿಚಾರಣೆಯು ನ್ಯಾಯವಾಗಿರಬೇಕೆಂಬ ತತ್ವವು ಈ ಕಾಯಿದೆಗಳ ಅಕ್ಷರದಿಂದ ಮಾತ್ರ ಹುಟ್ಟಿದುದಲ್ಲ. ಸುಪ್ರೀಂ ಕೋರ್ಟು 1950 ಮತ್ತು 60ರ ದಶಕಗಳಲ್ಲಿ ಕೊಟ್ಟ ತೀರ್ಪುಗಳಲ್ಲಿ ಅದು ರೂಪುಗೊಂಡಿತು.

ವಿಚಾರಣೆಯ ಮೆಟ್ಟಿಲುಗಳು

1963ರಲ್ಲಿ ಸುರ್ ಎನಾಮಲ್ ಕಾರ್ಖಾನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರಿಯಾದ ವಿಚಾರಣೆ ಎನಿಸಿಕೊಳ್ಳಲು ಐದು ಸಂಗತಿಗಳು ಇರಬೇಕೆಂದು ಹೇಳಿತು. ಕಾರ್ಮಿಕನಿಗೆ ಆರೋಪಗಳನ್ನು ಸ್ಪಷ್ಟವಾಗಿ ತಿಳಿಸಿರಬೇಕು. ಸಾಕ್ಷಿಗಳನ್ನು ಸಾಮಾನ್ಯವಾಗಿ ಅವನ ಎದುರಿನಲ್ಲಿಯೇ ವಿಚಾರಿಸಬೇಕು. ಅವರಿಗೆ ಪಾಟೀಸವಾಲು ಹಾಕಲು ಅವನಿಗೆ ಅವಕಾಶವಿರಬೇಕು. ಅವನು ಇಚ್ಛಿಸಿದರೆ ತನ್ನ ಪರವಾಗಿ ತಾನೂ ಸಾಕ್ಷಿ ಹೇಳಿ, ಇತರರಿಂದಲೂ ಹೇಳಿಸಲು ಅವಕಾಶವಿರಬೇಕು. ಕೊನೆಯದಾಗಿ, ವಿಚಾರಣಾಧಿಕಾರಿಯು ತನ್ನ ನಿರ್ಣಯವನ್ನು ಕಾರಣಸಮೇತ ಬರೆದಿಡಬೇಕು.

ಇವುಗಳಲ್ಲಿ ಮೊದಲನೆಯದನ್ನೇ ನಮ್ಮ ತಂದೆಯವರ ಕಾಗದದೊಡನೆ ಹೋಲಿಸಿ ನೋಡೋಣ. "ಶಿಸ್ತಿಗೆ ಭಂಗ ತಂದಿರುತ್ತೀರಿ" ಎಂಬುದಕ್ಕೆ ಉತ್ತರ ಏನೆಂದು ಕೊಡುವುದು? "ತಂದಿಲ್ಲ" ಎನ್ನಬಹುದು, ಅಷ್ಟೇ. ಆದರೆ "ಇಂಥ ತಾರೀಖಿನ ರಾತ್ರಿ ಪಾಳಿಯಲ್ಲಿ, ಹನ್ನೊಂದೂವರೆ ಗಂಟೆಗೆ, ಇಂಥ ಯಂತ್ರದ ಬಳಿ, ಇಂಥ ಮಾತನ್ನಾಡಿದಿರಿ" ಎಂದು ಬರೆದಿದ್ದರೆ ಆಗ ಉತ್ತರಕ್ಕೆ ನೆಲೆ ಸಿಗುತ್ತದೆ. ಆ ರಾತ್ರಿ ನಾನು ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಹಾಜರಿ ಪುಸ್ತಕ ಏನು ಹೇಳುತ್ತದೆ ಎಂಬುದನ್ನೆಲ್ಲ ಆಗ ಹೇಳಬಹುದು. ಅಸ್ಪಷ್ಟವಾದ ಆರೋಪವು ಕತ್ತಲೆಯಲ್ಲಿ ಬೀಸಿದ ಬಡಿಗೆಯಂತೆ. ಯಾವ ಕಡೆಯಿಂದ ಬರುವುದೆಂದು ತಿಳಿಯದೆ ಅದನ್ನು ತಡೆಯುವುದು ಅಸಾಧ್ಯ. ಆದುದರಿಂದಲೇ ಅಂಥ ಆರೋಪಪಟ್ಟಿ ಬಂದಾಗ ಕಾರ್ಮಿಕನ ಮೊದಲ ಉತ್ತರವು "ಆರೋಪವನ್ನು ಒಪ್ಪುವುದಿಲ್ಲ, ದಿನ, ವೇಳೆ, ಸ್ಥಳ, ಮಾತು ಇವುಗಳನ್ನು ತಿಳಿಸಿ, ಆಧಾರವಾದ ದೂರಿನ ಪ್ರತಿಯನ್ನು ಕೊಡಿ" ಎಂದಿರಬೇಕು. ನಾವು ಆ ರಾತ್ರಿ ಹಿರಿಯರ ಸಹಾಯದಿಂದ ಬರೆದುದೂ ಇಷ್ಟನ್ನೇ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ತರಬೇಕೆಂದು ಅವರು ಹೇಳಿದರು.

ಇನ್ನು ಕ್ಷಮಾಪಣೆಯ ಕಾಗದದ ವಿಷಯ. ಕಾರ್ಮಿಕನು ಆರೋಪವನ್ನು ಸ್ಪಷ್ಟವಾಗಿಯೂ ಯಾವ ಷರತ್ತೂ ಇಲ್ಲದೆಯೂ ಒಪ್ಪಿಕೊಂಡರೆ, ಮತ್ತೆ ಸಾಕ್ಷಿಗಳನ್ನು ಕರೆಸಿ ರುಜುವಾತು ಮಾಡುವ ಅಗತ್ಯ ಮಾಲೀಕನಿಗೆ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಕ್ಷಮೆ ಕೇಳುವುದು ದೊಡ್ಡತನದ ಲಕ್ಷಣ. ಜಗಳ ಮುಗಿಸುವ ಮಾರ್ಗ. ಆದರೆ ಆರೋಪಪಟ್ಟಿಗೆ ಉತ್ತರವಾಗಿ ಬರೆದ ಕ್ಷಮೆಯು ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಕುಳಿತುಬಿಡುತ್ತದೆ. ಅನಂತರ "ಅವರೇ ಬರೆಸಿದರು" ಎಂದು ಹೇಳಿದರೆ, ಅದನ್ನು ರುಜುವಾತು ಮಾಡುವ ಹೊರೆ ಕಾರ್ಮಿಕನ ತಲೆಯ ಮೇಲೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ಉತ್ತರವನ್ನೇ ಕೊಡದೆ ಸುಮ್ಮನಿದ್ದ ಮಾತ್ರಕ್ಕೆ ಆರೋಪವನ್ನು ಒಪ್ಪಿದಂತಾಗುವುದಿಲ್ಲ. ಮಾಲೀಕನು ವಿಚಾರಣೆ ನಡೆಸಿ ಸಾಕ್ಷ್ಯದಿಂದ ತೋರಿಸಲೇಬೇಕು. ಹಾಗೆಂದು ಸುಮ್ಮನಿರುವುದು ಜಾಣತನವಲ್ಲ. ನೋಟೀಸು ತಲುಪಿಯೂ ಕಾರಣವಿಲ್ಲದೆ ಹಾಜರಾಗದವನ ಬೆನ್ನ ಹಿಂದೆ ಏಕಪಕ್ಷೀಯವಾಗಿ ವಿಚಾರಣೆ ಮುಗಿಸಲು ಮಾಲೀಕನಿಗೆ ಅಧಿಕಾರವಿದೆ.

ಆಕಾರವಿದ್ದು ಜೀವವಿಲ್ಲದ ವಿಚಾರಣೆ

ವಿಚಾರಣೆ ನಡೆಯಿತೆಂಬ ಕಾಗದಪತ್ರಗಳಿದ್ದರೆ ಸಾಲದು ಎಂಬುದಕ್ಕೆ ಪಶ್ಚಿಮ ಬಂಗಾಳದ ಮೀನ್‌ಗ್ಲಾಸ್ ಚಹಾ ತೋಟದ ಮೊಕದ್ದಮೆ ಒಳ್ಳೆಯ ನಿದರ್ಶನ. 1956ರ ಜನವರಿಯಲ್ಲಿ ಆ ತೋಟದಲ್ಲಿ ಕಾರ್ಮಿಕರ ಗುಂಪೊಂದು ಮ್ಯಾನೇಜರನ್ನೂ ಅವನ ಸಹಾಯಕರನ್ನೂ ಸುತ್ತುವರಿಯಿತು, ಮ್ಯಾನೇಜರನಿಗೆ ಪೆಟ್ಟಾಯಿತು. ಅಪರಾಧವೇನೋ ಸಣ್ಣದಲ್ಲ. ಆದರೆ ಆಮೇಲೆ ವಿಚಾರಣೆ ನಡೆಸಲು ಕುಳಿತವರು ಯಾರು? ಹಲ್ಲೆಗೆ ಗುರಿಯಾದ ಆ ಮ್ಯಾನೇಜರನೂ ಅವನ ಸಹಾಯಕನೊಬ್ಬನೂ! ವಿಚಾರಣೆಯ ದಿನ ಒಬ್ಬ ಸಾಕ್ಷಿಯನ್ನೂ ವಿಚಾರಿಸಲಿಲ್ಲ. ಆಪಾದಿತ ಕಾರ್ಮಿಕರನ್ನೇ ಒಬ್ಬೊಬ್ಬರನ್ನಾಗಿ ಕರೆದು ಪ್ರಶ್ನೆ ಕೇಳಿ, ಅವರ ಉತ್ತರಗಳನ್ನು ಬರೆದುಕೊಂಡು ಮುಗಿಸಿದರು.

1963ರಲ್ಲಿ ಸುಪ್ರೀಂ ಕೋರ್ಟು ಈ ವಿಚಾರಣೆಯನ್ನು ಒಪ್ಪಲಿಲ್ಲ. ಆಪಾದಿತನಿಗೆ ಆರೋಪ ತಿಳಿದರೆ ಸಾಲದು, ಆ ಆರೋಪಕ್ಕೆ ಆಧಾರವಾದ ಸಾಕ್ಷ್ಯವೂ ತಿಳಿಯಬೇಕು. ಅದನ್ನು ಕೇಳಿ, ಪ್ರಶ್ನಿಸಿ, ತನ್ನದನ್ನು ಮುಂದಿಡಲು ಅವಕಾಶ ಬೇಕು ಎಂಬುದು ಅದರ ಅಭಿಪ್ರಾಯದ ಸಾರ. ಇಲ್ಲಿ ಸಾಕ್ಷ್ಯವೆಲ್ಲ ವಿಚಾರಣಾಧಿಕಾರಿಗಳ ಮನಸ್ಸಿನಲ್ಲಿಯೇ ಇತ್ತು. ತಾವು ಕಣ್ಣಾರೆ ಕಂಡದ್ದನ್ನು ಅವರು ಸಾಕ್ಷಿಗಳಾಗಿ ಹೇಳಲಿಲ್ಲ. ನ್ಯಾಯಾಧೀಶರಾಗಿ ಕುಳಿತು ಅದನ್ನೇ ನಂಬಿದರು. ತೀರ್ಪು ಕೊಡಲು ಕುಳಿತವನಿಗೆ ಪಾಟೀಸವಾಲು ಹಾಕುವುದು ಹೇಗೆ?

ಅದೇ ವರ್ಷ ಅಸೋಸಿಯೇಟೆಡ್ ಸಿಮೆಂಟ್ ಕಂಪನಿಯ ಮೊಕದ್ದಮೆಯಲ್ಲಿಯೂ ಇದನ್ನು ಹೋಲುವ ಮಾತು ಬಂತು. ಘಟನೆಯನ್ನು ಕಂಡ ಅಧಿಕಾರಿಯು ತಾನೇ ವಿಚಾರಣೆ ನಡೆಸದೆ ಬೇರೊಬ್ಬರಿಗೆ ಬಿಡುವುದು ಯುಕ್ತವೆಂದೂ, ಮೊದಲು ಕಾರ್ಮಿಕನನ್ನೇ ಪ್ರಶ್ನಿಸಲು ತೊಡಗದೆ ಮಾಲೀಕನ ಪರದ ಸಾಕ್ಷ್ಯವನ್ನು ಮುಂದಿಟ್ಟು, ಆಮೇಲೆ ಕಾರ್ಮಿಕನ ವಿವರಣೆಯನ್ನು ಕೇಳಬೇಕೆಂದೂ ನ್ಯಾಯಾಲಯವು ಹೇಳಿತು. ಈ ಹಿಂದುಮುಂದಿನ ಕ್ರಮ ಬರಿಯ ಶಿಷ್ಟಾಚಾರವೆಂದು ನನಗೆ ಮೊದಲು ತೋರಿತ್ತು. ಯೋಚಿಸಿದರೆ ಹಾಗಲ್ಲ. ಏನನ್ನು ಹೊರಿಸಿದ್ದಾರೆಂದು ಕೇಳುವುದಕ್ಕೆ ಮುಂಚೆಯೇ ಪ್ರಶ್ನೆಗಳ ಸುರಿಮಳೆಗೆ ಸಿಕ್ಕಿದವನು ಗಾಬರಿಯಲ್ಲಿ ಆಡಿದ ತೊದಲು ಮಾತುಗಳೇ ಅವನ ವಿರುದ್ಧದ ಸಾಕ್ಷ್ಯವಾಗಿಬಿಡುತ್ತವೆ.

ಕೋಲಾರದ ಚಿನ್ನದ ಗಣಿಯ ಒಂದು ಮೊಕದ್ದಮೆ

ಇನ್ನು ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಕರಣವನ್ನು ವಿವರವಾಗಿ ನೋಡೋಣ. ಕ್ಯಾಪ್ಟನ್ ಎಂ. ಪಾಲ್ ಆಂಟನಿ ಎಂಬುವರು ಕೋಲಾರದ ಚಿನ್ನದ ಗಣಿ ಪ್ರದೇಶದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಲ್ಲಿ ಭದ್ರತಾ ಅಧಿಕಾರಿಯಾಗಿದ್ದರು. 1985ರ ಜೂನ್ 2ರಂದು ಪೋಲೀಸರು ಅವರ ಮನೆಯನ್ನು ಶೋಧಿಸಿದರು. 4.5 ಗ್ರಾಂ ತೂಕದ ಚಿನ್ನದ ಉಂಡೆಯೂ 1276 ಗ್ರಾಂ ಚಿನ್ನ ಬೆರೆತ ಮರಳೂ ಸಿಕ್ಕಿತೆಂದು ಹೇಳಿ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಮರುದಿನವೇ ಸಂಸ್ಥೆಯು ಅವರನ್ನು ಅಮಾನತಿನಲ್ಲಿಟ್ಟಿತು. ಅದೇ ಶೋಧನೆಯನ್ನು ಆಧಾರ ಮಾಡಿಕೊಂಡು ಆರೋಪಪಟ್ಟಿಯನ್ನೂ ಕೊಟ್ಟಿತು.

ಅವರು ಆರೋಪವನ್ನು ಅಲ್ಲಗಳೆದರು. ಕ್ರಿಮಿನಲ್ ಮೊಕದ್ದಮೆ ಮುಗಿಯುವ ತನಕ ವಿಚಾರಣೆಯನ್ನು ತಡೆಹಿಡಿಯಬೇಕೆಂದು ಕೇಳಿದರು, ಅದು ನಡೆಯಲಿಲ್ಲ. ಅಮಾನತಾದ ಮೇಲೆ ಅವರು ಕೇರಳದಲ್ಲಿದ್ದ ತಮ್ಮ ಮನೆಗೆ ಹೋಗಿದ್ದರು. ಅಮಾನತಿನ ಕಾಲದಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಸಂಸ್ಥೆಯು ಅವರಿಗೆ ಕೊಡಲಿಲ್ಲ. ಕೈಯಲ್ಲಿ ಹಣವಿಲ್ಲ, ಭತ್ಯೆ ಕೊಟ್ಟ ಹೊರತು ಅಲ್ಲಿಂದ ಕೋಲಾರಕ್ಕೆ ಬಂದು ವಿಚಾರಣೆಯಲ್ಲಿ ಭಾಗವಹಿಸಲಾರೆ ಎಂದು ಅವರು ತಿಳಿಸಿದರು, ಅನಾರೋಗ್ಯವನ್ನೂ ತಿಳಿಸಿದ್ದರು. ಆದರೂ ವಿಚಾರಣೆ ಅವರಿಲ್ಲದೆಯೇ ನಡೆಯಿತು. ಆರೋಪ ರುಜುವಾತಾಯಿತೆಂದು ಅಧಿಕಾರಿಯು ಬರೆದನು. 1986ರ ಜೂನ್ 7ರಂದು ಅವರನ್ನು ವಜಾ ಮಾಡಲಾಯಿತು.

ಎಂಟು ತಿಂಗಳು ಕಳೆದ ಮೇಲೆ, 1987ರ ಫೆಬ್ರವರಿ 3ರಂದು, ಕ್ರಿಮಿನಲ್ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಶೋಧನೆಯಾಗಿ ವಸ್ತುಗಳು ಸಿಕ್ಕಿದುದೇ ರುಜುವಾತಾಗಿಲ್ಲವೆಂದು ಅದು ಹೇಳಿತು. ಸಂಸ್ಥೆಯು ಅವರನ್ನು ಮರಳಿ ತೆಗೆದುಕೊಳ್ಳಲಿಲ್ಲ. ಹೈಕೋರ್ಟಿನಲ್ಲಿ ಏಕ ನ್ಯಾಯಾಧೀಶರು ಅವರ ಪರವಾಗಿಯೂ ವಿಭಾಗೀಯ ಪೀಠವು ಅವರ ವಿರುದ್ಧವಾಗಿಯೂ ತೀರ್ಮಾನಿಸಿದುವು. ಕಟ್ಟಕಡೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡು, ಅಮಾನತಿನ ದಿನದಿಂದ ಬಾಕಿಯಿದ್ದ ವೇತನವನ್ನು ಕೊಡಬೇಕೆಂದು ಆಜ್ಞಾಪಿಸಿತು.

ಈ ತೀರ್ಪಿನಲ್ಲಿ ಎರಡು ಕಾರಣಗಳಿವೆ. ಒಂದು, ಕ್ರಿಮಿನಲ್ ಮೊಕದ್ದಮೆಗೂ ಆಂತರಿಕ ವಿಚಾರಣೆಗೂ ಆಧಾರವಾದುದು ಅದೇ ಶೋಧನೆ, ಅದೇ ಪೋಲೀಸ್ ಅಧಿಕಾರಿ, ಅದೇ ಪಂಚರು. ಅಲ್ಲಿ ಆ ಶೋಧನೆಯೇ ನಡೆದುದು ಸಿದ್ಧವಾಗಲಿಲ್ಲವೆಂದ ಮೇಲೆ ಇಲ್ಲಿ ವಜಾ ಆಜ್ಞೆಯನ್ನು ನಿಲ್ಲಗೊಡುವುದು ಅನ್ಯಾಯ. (ಬಿಡುಗಡೆಯಾದವರೆಲ್ಲರಿಗೂ ಕೆಲಸ ಮರಳಿ ಸಿಗುವುದೆಂದು ಇದರಿಂದ ತಿಳಿಯಬಾರದು. ಸಂಗತಿಯೂ ಸಾಕ್ಷ್ಯವೂ ಒಂದೇ ಆಗಿದ್ದುದು ಇಲ್ಲಿಯ ವಿಶೇಷ.) ಎರಡನೆಯ ಕಾರಣವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ಭತ್ಯೆಯನ್ನು ಕೊಡದೆ, ಹಣವಿಲ್ಲದೆ ಬರಲಾಗದವನನ್ನು ಗೈರುಹಾಜರೆಂದು ಬರೆದು ನಡೆಸಿದ ಏಕಪಕ್ಷೀಯ ವಿಚಾರಣೆಯು ದೂಷಿತವಾದುದೆಂದು ನ್ಯಾಯಾಲಯವು ಹೇಳಿತು. ಅಮಾನತಾದವನ ನೌಕರಿಯ ಸಂಬಂಧ ಕಡಿದುಹೋಗಿರುವುದಿಲ್ಲ. ಅವನು ಬೇರೆಡೆ ದುಡಿಯುವಂತೆಯೂ ಇಲ್ಲ. ಹೀಗಿರುವಾಗ ಅನ್ನವನ್ನು ನಿಲ್ಲಿಸಿ, "ಬಂದು ಉತ್ತರ ಹೇಳು" ಎನ್ನುವುದು ಬಾಯಿ ಕಟ್ಟಿ "ಮಾತಾಡು" ಎಂದಂತೆ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಮೇಲುನೋಟಕ್ಕೆ ಈ ವಿಚಾರಣೆಯಲ್ಲಿ ಎಲ್ಲವೂ ಇತ್ತು. ಆರೋಪಪಟ್ಟಿ ಇತ್ತು, ನೋಟೀಸು ಇತ್ತು, ವಿಚಾರಣಾಧಿಕಾರಿ ಇದ್ದನು, ವರದಿಯೂ ಇತ್ತು. ಇಲ್ಲದೆ ಹೋದುದು ಒಂದೇ: ಆ ಮನುಷ್ಯನು ಅಲ್ಲಿಗೆ ತಲುಪುವ ದಾರಿ.

ಈಗಿನ ಸಂಹಿತೆಯಲ್ಲಿಯೂ ಈ ಭತ್ಯೆಯ ನಿಯಮವಿದೆ. ಅಮಾನತಿನ ಮೊದಲ 90 ದಿನಗಳ ಕಾಲ ವೇತನದ ಶೇಕಡ 50ರಷ್ಟನ್ನೂ, ಆಮೇಲೆ ವಿಳಂಬಕ್ಕೆ ಕಾರ್ಮಿಕನೇ ಕಾರಣನಾಗಿರದಿದ್ದರೆ ಶೇಕಡ 75ರಷ್ಟನ್ನೂ ಕೊಡಬೇಕು. ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನಗಳೊಳಗೆ ಮುಗಿಸಬೇಕು. ಆದರೆ ಭತ್ಯೆ ತಪ್ಪಿತೆಂಬ ಮಾತ್ರಕ್ಕೇ ವಿಚಾರಣೆಯು ತಾನಾಗಿ ಬಿದ್ದುಹೋಗುವುದಿಲ್ಲ. ಭತ್ಯೆ ಬಾರದ ಕಾರಣದಿಂದ ತನಗೆ ಹಾಜರಾಗಲು ಅಥವಾ ಉತ್ತರ ಹೇಳಲು ನಿಜವಾಗಿ ಅಡ್ಡಿಯಾಯಿತೆಂದು ಕಾರ್ಮಿಕನು ತೋರಿಸಬೇಕೆಂದು ಅನಂತರದ ತೀರ್ಪುಗಳು ಹೇಳಿವೆ. ಆದುದರಿಂದ ಅಡ್ಡಿಯಾದಾಗಲೇ ಅದನ್ನು ಬರೆದು ತಿಳಿಸಿರಬೇಕು. ಪಾಲ್ ಆಂಟನಿಯವರು ಆಗಲೇ ತಿಳಿಸಿದ್ದುದು ಹದಿಮೂರು ವರ್ಷಗಳ ಮೇಲೆ ಅವರ ಕೈಹಿಡಿಯಿತು.

ನ್ಯಾಯವನ್ನು ಅಳೆಯುವ ಬಗೆ

ಹಾಗಾದರೆ ಆಂತರಿಕ ವಿಚಾರಣೆಯು ಕೋರ್ಟಿನಂತೆಯೇ ನಡೆಯಬೇಕೇ? ಇಲ್ಲ. ಇದಕ್ಕೆ ಹರಿಯಾಣದ ಬಸ್ ಕಂಡಕ್ಟರೊಬ್ಬನ ಮೊಕದ್ದಮೆಯನ್ನು ನೋಡಬಹುದು. ಅವನ ಬಸ್ಸಿನಿಂದ ಇಳಿದ 11 ಮಂದಿ ಪ್ರಯಾಣಿಕರ ಬಳಿ ಟಿಕೆಟ್ ಇರಲಿಲ್ಲ. ತಾವು ಹಣ ಕೊಟ್ಟಿರುವೆವೆಂದು ಅವರು ತನಿಖಾ ತಂಡಕ್ಕೆ ಹೇಳಿದರು. ವಿಚಾರಣೆಯಲ್ಲಿ ತನಿಖಾಧಿಕಾರಿಯು ಸಾಕ್ಷಿ ಹೇಳಿದನೇ ಹೊರತು ಆ ಪ್ರಯಾಣಿಕರನ್ನು ಯಾರೂ ಕರೆಸಲಿಲ್ಲ. ಇದು ಕೇಳಿದ ಮಾತಿನ ಸಾಕ್ಷ್ಯವೆಂಬ ಆಕ್ಷೇಪವನ್ನು 1977ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾಕ್ಷ್ಯದ ಕಾಯಿದೆಯ ಬಿಗಿಯಾದ ನಿಯಮಗಳು ಆಂತರಿಕ ವಿಚಾರಣೆಗೆ ಅನ್ವಯಿಸವು. ವಿವೇಕಿಯಾದವನು ನಂಬತಕ್ಕ ಸ್ವಲ್ಪವಾದರೂ ಸಾಕ್ಷ್ಯವಿದೆಯೇ, ನಡೆವಳಿ ನ್ಯಾಯವಾಗಿತ್ತೇ ಎಂಬುದನ್ನು ನೋಡಬೇಕು ಎಂದಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಇಲ್ಲಿ ಹೆಚ್ಚು ಸಂಭವನೀಯವಾದುದು ಯಾವುದೆಂದು ತೂಗಿ ನೋಡಿದರೆ ಸಾಕು.

ಮೇಲಿನ ಎಲ್ಲ ಪ್ರಕರಣಗಳನ್ನೂ ಒಟ್ಟಿಗಿಟ್ಟು ನೋಡಿದರೆ ಅಳತೆಗೋಲು ಯಾವುದೆಂಬುದು ಗೋಚರವಾಗುತ್ತದೆ. ಕಂಡಕ್ಟರನ ಎದುರಿಗೆ ಸಾಕ್ಷಿಯಿದ್ದನು, ಅವನನ್ನು ಪ್ರಶ್ನಿಸಬಹುದಾಗಿತ್ತು. ಚಹಾ ತೋಟದ ಕಾರ್ಮಿಕರ ಎದುರಿಗೆ ಸಾಕ್ಷಿಯೇ ಇರಲಿಲ್ಲ. ಚಿನ್ನದ ಗಣಿಯ ಅಧಿಕಾರಿಗೆ ಸಾಕ್ಷಿಗಳಿದ್ದ ಕೋಣೆಯನ್ನು ತಲುಪಲು ಆಗಲಿಲ್ಲ. ವಿಧಿಯಲ್ಲಿ ಒಂದು ಅಕ್ಷರ ತಪ್ಪಿತೇ ಎಂದು ನ್ಯಾಯಾಲಯಗಳು ಹುಡುಕುವುದಿಲ್ಲ. ಆ ತಪ್ಪಿನಿಂದ ಆಪಾದಿತನ ಉತ್ತರಕ್ಕೆ ಕುಂದಾಯಿತೇ ಎಂದು ನೋಡುತ್ತವೆ.

ವಿಚಾರಣೆಯಲ್ಲಿ ಇಂಥ ದೋಷ ಕಂಡುಬಂದರೆ ಕಾರ್ಮಿಕನು ಗೆದ್ದನೆಂದು ಭಾವಿಸುವವರುಂಟು. ಅದೂ ಪೂರ್ಣ ನಿಜವಲ್ಲ. ವಿಚಾರಣೆ ಕೆಟ್ಟಿದ್ದರೂ, ಅಥವಾ ನಡೆಯದೇ ಇದ್ದರೂ, ಮಾಲೀಕನು ಕೈಗಾರಿಕಾ ನ್ಯಾಯಾಧಿಕರಣದ ಮುಂದೆ ಹೊಸದಾಗಿ ಸಾಕ್ಷ್ಯವನ್ನಿತ್ತು ದುರ್ನಡತೆಯನ್ನು ರುಜುವಾತು ಮಾಡಬಹುದು. ಮತ್ತೊಂದು ಕಡೆ, ವಿಚಾರಣೆ ಸರಿಯಾಗಿದ್ದರೂ ಕಾರ್ಮಿಕನಿಗೆ ದಾರಿ ಮುಚ್ಚಿಲ್ಲ. 1958ರಲ್ಲಿ ಇಂಡಿಯನ್ ಐರನ್ ಅಂಡ್ ಸ್ಟೀಲ್ ಕಂಪನಿಯ ಮೊಕದ್ದಮೆಯ ಕಾಲಕ್ಕೆ ನ್ಯಾಯಾಧಿಕರಣವು ದುರುದ್ದೇಶ, ಹಗೆತನದ ಕಿರುಕುಳ, ಸಹಜ ನ್ಯಾಯದ ಉಲ್ಲಂಘನೆ, ಬುಡವಿಲ್ಲದ ನಿರ್ಣಯ ಇಂಥವುಗಳಿದ್ದಾಗ ಮಾತ್ರ ಕೈಹಾಕಬಹುದಾಗಿತ್ತು. 1971ರ ಡಿಸೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯು ಸಾಕ್ಷ್ಯವನ್ನು ತಾನೇ ತೂಗಿ ನೋಡುವ, ವಜಾ ಶಿಕ್ಷೆಯು ಅತಿಯಾಯಿತೆಂದು ಕಂಡರೆ ಅದನ್ನು ಇಳಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಆ ಅಧಿಕಾರವನ್ನು ಈಗಿನ ಸಂಹಿತೆಯೂ ಉಳಿಸಿಕೊಂಡಿದೆ.

ನಮ್ಮ ತಂದೆಯವರ ವಿಚಾರಣೆ

ನಮ್ಮ ಕಾಗದ ತಲುಪಿದ ಮೇಲೆ ಗಿರಣಿಯವರು ದಿನಾಂಕ, ವೇಳೆಗಳನ್ನು ಸೇರಿಸಿ ಆರೋಪಪಟ್ಟಿಯನ್ನು ಮತ್ತೆ ಕೊಟ್ಟರು. ಆ ರಾತ್ರಿ ಪಾಳಿಯಲ್ಲಿ ಎರಡು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ತಂದೆಯವರಿಗೆ ಮೂರನೆಯದನ್ನೂ ನೋಡಿಕೊಳ್ಳಬೇಕೆಂದು ಸೂಪರ್‌ವೈಸರ್ ಹೇಳಿದ್ದರು. "ಒಬ್ಬಂವನ ಕೈಲಿ ಆಗೂದಿಲ್ಲ" ಎಂದು ಇವರು ಗಟ್ಟಿಯಾಗಿ ಹೇಳಿ ಹೋಗದೆ ನಿಂತರು. ಬಯ್ದರೆಂಬುದು ಇನ್ನೊಂದು ಆರೋಪ.

ವಿಚಾರಣೆ ಗಿರಣಿಯ ಕಚೇರಿಯ ಒಂದು ಕೋಣೆಯಲ್ಲಿ ನಡೆಯಿತು. ಸಹಾಯಕ್ಕೆ ಸಹಕಾರ್ಮಿಕರೊಬ್ಬರನ್ನು ಕರೆದುಕೊಳ್ಳಲು ಅಧಿಕಾರಿಯು ಅನುಮತಿ ಕೊಟ್ಟರು. ಪಕ್ಕದ ಮನೆಯ ಹಿರಿಯರೇ ಹೋದರು. ಸೂಪರ್‌ವೈಸರ್ ಸಾಕ್ಷಿ ಹೇಳಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಅವರು ಏನಂತ ಬೈದ್ರು ಸಾಹೇಬ್ರ, ಆ ಶಬ್ದ ಹೇಳ್ರಿ." ಯಂತ್ರದ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ, ಇನ್ನೊಬ್ಬ ಹುಡುಗ ಆಮೇಲೆ ಹೇಳಿದ ಎಂದು ಸೂಪರ್‌ವೈಸರ್ ಉತ್ತರ ಕೊಟ್ಟರು. ಆ ಹುಡುಗನನ್ನು ಕರೆಸಿದಾಗ ಅವನು ತಾನು ಹಾಗೆ ಹೇಳಿಯೇ ಇಲ್ಲವೆಂದ. ತಂದೆಯವರು ತಮ್ಮ ಸರದಿ ಬಂದಾಗ, ಯಂತ್ರಕ್ಕೆ ಹೋಗಲು ಒಪ್ಪಲಿಲ್ಲವೆಂಬುದನ್ನು ಮುಚ್ಚಿಡಲಿಲ್ಲ. ಏಕೆ ಒಪ್ಪಲಿಲ್ಲವೆಂಬುದನ್ನು ಹೇಳಿದರು.

ವರದಿಯಲ್ಲಿ ಬಯ್ದ ಆರೋಪ ರುಜುವಾತಾಗಲಿಲ್ಲವೆಂದೂ, ಆಜ್ಞೆ ಮೀರಿದ ಆರೋಪ ರುಜುವಾತಾಯಿತೆಂದೂ ಬಂತು. ನಾಲ್ಕು ದಿನ ಸಂಬಳವಿಲ್ಲದೆ ಕೆಲಸದಿಂದ ದೂರವಿಟ್ಟರು. ಐದನೆಯ ದಿನ ತಂದೆಯವರು ಎಂದಿನಂತೆ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೋದರು. ಆ ಶಿಕ್ಷೆ ನ್ಯಾಯವೋ ಅಲ್ಲವೋ ಎಂದು ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಮೂರು ಯಂತ್ರಗಳನ್ನು ಒಬ್ಬನಿಗೆ ಒಪ್ಪಿಸಿದ್ದು ಸರಿಯೇ ಎಂದು ನಮ್ಮ ತಾಯಿಯವರು ಕೇಳುತ್ತಾರೆ. ಆದರೆ ವಿಚಾರಣೆಯನ್ನು ಕುರಿತು ತಂದೆಯವರಿಗೆ ದೂರಿಲ್ಲ. "ನಾ ಹೇಳೂದು ಕೇಳಿದ್ರು, ಬರಕೊಂಡ್ರು" ಎನ್ನುತ್ತಾರೆ.

ಗುಮಾಸ್ತರು ಬರೆದುಕೊಟ್ಟಿದ್ದ ಆ ಕ್ಷಮಾಪಣೆಯ ಕಾಗದ ಈಗಲೂ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ರುಜುವಿನ ಸ್ಥಳ ಖಾಲಿಯಾಗಿಯೇ ಇದೆ.